ಒಂದು ‘ಸೆಟ್’, ಹಲವು ರಷ್ಯನ್ ಪದಗಳು: ದ್ವಿಭಾಷಾ ನಿಘಂಟು ಯಾರಿಗಾಗಿ ಬರೆಯಲ್ಪಟ್ಟಿತು?

ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರಿನ ಸುತ್ತಲಿನ ಕನ್ನಡದಲ್ಲಿ ‘ಸೆಟ್’ ಎಂಬ ಪದ ಇಂದು ಪರಕೀಯವಾಗಿ ಕೇಳಿಸುವುದಿಲ್ಲ. ಹೊಲಕ್ಕೆ ನೀರೆತ್ತುವ ಯಂತ್ರ ಪಂಪ್‌ಸೆಟ್. ವಿದ್ಯುತ್ ಇಲಾಖೆಯ ಕಾಗದಗಳಲ್ಲಿ ಅದೇ ಐಪಿ ಸೆಟ್. ಮದುವೆಗೆ ಕೊಳ್ಳುವ ಒಡವೆಯದೂ ಸೆಟ್, ಶಾಲೆ ಆರಂಭವಾಗುವಾಗ ಕೊಳ್ಳುವ ಪುಸ್ತಕಗಳದೂ ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ. ಇಂಗ್ಲಿಷಿನಿಂದ ಬಂದ ಈ ಒಂದು ಧ್ವನಿರೂಪವನ್ನು ಕನ್ನಡ ಹಾಗೆಯೇ ಇರಿಸಿಕೊಂಡು, ಅರ್ಥವನ್ನು ವಿಂಗಡಿಸುವ ಹೊಣೆಯನ್ನು ಅಕ್ಕಪಕ್ಕದ ಪದಗಳಿಗೆ ಬಿಟ್ಟಿದೆ. ರಷ್ಯನ್ ಭಾಷೆ ಹೀಗೆ ಮಾಡಿಲ್ಲ. ಅಲ್ಲಿ ಪಂಪಿಗೆ ಒಂದು ಪದ, ಬಿಡಿಭಾಗಗಳಿಗೆ ಇನ್ನೊಂದು, ಚಹಾದ ಬಟ್ಟಲುಗಳಿಗೆ ಮತ್ತೊಂದು, ಗಣಿತಕ್ಕೆ ಬೇರೆಯೇ ಒಂದು ಪದವಿದೆ. ಆದ್ದರಿಂದ ಇಂಗ್ಲಿಷಿನ ಮೂಲಕ ರಷ್ಯನ್ ಬರೆಯಲು ಹೊರಡುವ ಕನ್ನಡಿಗನ ತೊಡಕು ಇಂಗ್ಲಿಷರ ತೊಡಕಿಗಿಂತ ಕಡಿಮೆಯದಲ್ಲ. ತನ್ನ ಭಾಷೆಯಲ್ಲಿಯೂ ಅದೇ ‘ಸೆಟ್’ ಇರುವುದರಿಂದ ಆಯ್ಕೆಯ ಪ್ರಶ್ನೆ ಇದೆಯೆಂಬುದೇ ಅವನಿಗೆ ಹೊಳೆಯದಿರಬಹುದು.

ಈ ಲೇಖನದಲ್ಲಿ ನಾವು ‘ಸೆಟ್’ ಎಂಬುದರ ನಾಮಪದ ರೂಪವನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಅದರ ಕ್ರಿಯಾರೂಪದ ಕಥೆ ಬೇರೆ, ಅದು ಬಹಳ ದೊಡ್ಡದು. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಆ ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥಗಳನ್ನು ಗುರುತಿಸಿದೆ. ನಾಮಪದ ಚಿಕ್ಕದು, ಆದರೆ ಹೆಚ್ಚು ವಂಚಕ. ಕ್ರಿಯಾಪದದಲ್ಲಿ ಸೂರ್ಯ ಮುಳುಗುವುದಕ್ಕೂ ಮೇಜು ಸಿದ್ಧಗೊಳಿಸುವುದಕ್ಕೂ ಇರುವ ಅಂತರ ಯಾರಿಗಾದರೂ ಕಾಣುತ್ತದೆ. ನಾಮಪದದಲ್ಲಿ ‘ಒಟ್ಟಾಗಿ ಸೇರಿದ ವಸ್ತುಗಳು’ ಎಂಬ ಒಂದೇ ಅರ್ಥದೊಳಗೆ ರಷ್ಯನ್ ಭಾಷೆ ನಾಲ್ಕೈದು ಗೆರೆಗಳನ್ನು ಎಳೆದಿದೆ, ಮತ್ತು ಆ ಗೆರೆಗಳು ಇಂಗ್ಲಿಷಿನ ಕಡೆಯಿಂದ ಕಾಣುವುದಿಲ್ಲ.

ರಷ್ಯನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇವೆ. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ತೋರಿಸಿದ್ದೇವೆ. ರಷ್ಯನ್ನಿನ ಎರಡು ಬಗೆಯ ‘ಇ’ಕಾರಗಳ ಭೇದವನ್ನು ಮಾತ್ರ ಉಳಿಸಿಕೊಳ್ಳಲಾಗಿಲ್ಲ.

ನಿಘಂಟಿನ ಓದುಗ ಯಾರು?

ಇಂಗ್ಲಿಷ್-ರಷ್ಯನ್ ನಿಘಂಟುಗಳಲ್ಲಿ ಹೆಚ್ಚು ಬಳಕೆಯಾದದ್ದು ವ್ಲದೀಮಿರ್ ಮ್ಯುಲ್ಲೆರ್ ಅವರದು. 1943ರಲ್ಲಿ ಮೊದಲು ಪ್ರಕಟವಾಗಿ, ಮುಂದೆ ಹಲವಾರು ಪರಿಷ್ಕರಣಗಳನ್ನು ಕಂಡಿತು. ಆ ಪರಂಪರೆಯ ನಿಘಂಟುಗಳಲ್ಲಿ ‘ಸೆಟ್’ ನಾಮಪದದ ಮೊದಲ ಅರ್ಥವನ್ನು ತೆರೆದರೆ ‘ನಬೋರ್’ ಮತ್ತು ‘ಕೊಂಪ್ಲೇಕ್ತ್’ ಎಂಬ ಎರಡು ಪದಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಅವುಗಳ ನಡುವೆ ಒಂದು ಅಲ್ಪವಿರಾಮವಿರುತ್ತದೆ, ಅಷ್ಟೇ. ಯಾವಾಗ ಮೊದಲನೆಯದು, ಯಾವಾಗ ಎರಡನೆಯದು ಎಂಬುದನ್ನು ಆ ಅಲ್ಪವಿರಾಮ ಹೇಳುವುದಿಲ್ಲ.

ಇದು ನಿಘಂಟುಕಾರರ ಅಲಕ್ಷ್ಯವೆಂದು ತಿಳಿಯುವುದು ತಪ್ಪಾದೀತು. ಆ ನಿಘಂಟು ರಷ್ಯನ್ ಓದುಗನಿಗಾಗಿ ಬರೆಯಲ್ಪಟ್ಟದ್ದು. ಇಂಗ್ಲಿಷ್ ಪುಸ್ತಕ ಓದುತ್ತಿರುವ ರಷ್ಯನ್ನನಿಗೆ ಬೇಕಾದದ್ದು ಅರ್ಥದ ಸುಳಿವು ಮಾತ್ರ. ಎರಡು ಪದಗಳನ್ನು ಕಂಡೊಡನೆ ಅವನ ಮಾತೃಭಾಷೆಯ ಅರಿವೇ ಸರಿಯಾದುದನ್ನು ಆರಿಸಿಕೊಳ್ಳುತ್ತದೆ. ಅವನಿಗೆ ಆ ಅಲ್ಪವಿರಾಮ ಸಾಕು. ಅದೇ ಪುಟವನ್ನು ತೆರೆದ ಕನ್ನಡಿಗ ಅದನ್ನು ತಿರುವುಮುರುವಾಗಿ ಬಳಸುತ್ತಿದ್ದಾನೆ: ಅವನು ಇಂಗ್ಲಿಷನ್ನು ಅರ್ಥಮಾಡಿಕೊಳ್ಳಲು ಬಂದಿಲ್ಲ, ರಷ್ಯನ್ನಿನಲ್ಲಿ ಬರೆಯಲು ಬಂದಿದ್ದಾನೆ. ಅವನಿಗೆ ಬೇಕಾದ ಮಾಹಿತಿ ಆ ಪುಟದಲ್ಲಿ ಇಲ್ಲ, ಇರಬೇಕಾದ ಅಗತ್ಯವೂ ಅಲ್ಲಿ ಇರಲಿಲ್ಲ.

ಈ ಭೇದವನ್ನು ಮೊದಲಿಗೆ ಸ್ಪಷ್ಟವಾಗಿ ಮಂಡಿಸಿದವರಲ್ಲಿ ಲೆನಿನ್‌ಗ್ರಾದ್‌ನ ಭಾಷಾವಿಜ್ಞಾನಿ ಲೆವ್ ಶ್ಚೆರ್ಬ ಪ್ರಮುಖರು. 1936ರಲ್ಲಿ ಪ್ರಕಟವಾದ ರಷ್ಯನ್-ಫ್ರೆಂಚ್ ನಿಘಂಟಿನ ಕೆಲಸದಲ್ಲಿ ತೊಡಗಿದ್ದಾಗ, ಫ್ರೆಂಚ್ ಬರೆಯಬೇಕಾದ ರಷ್ಯನ್ನನಿಗೂ ರಷ್ಯನ್ ಓದಬೇಕಾದ ಫ್ರೆಂಚನಿಗೂ ಒಂದೇ ನಿಘಂಟು ಸಾಲದೆಂಬುದು ಅವರಿಗೆ ಮನವರಿಕೆಯಾಯಿತು. 1940ರ ಪ್ರಬಂಧದಲ್ಲಿ ಅವರು ಇದನ್ನು ಸಿದ್ಧಾಂತವಾಗಿ ಬೆಳೆಸಿದರು: ಪ್ರತಿಯೊಂದು ಭಾಷಾಜೋಡಿಗೂ ಎರಡಲ್ಲ, ನಾಲ್ಕು ನಿಘಂಟುಗಳು ಬೇಕು. ಪ್ರತಿ ಭಾಷೆಯವರಿಗೂ ಓದಲು ಒಂದು, ಬರೆಯಲು ಒಂದು.

ನಮ್ಮ ನಿಘಂಟುಗಳ ಇತಿಹಾಸವನ್ನೂ ಈ ದೃಷ್ಟಿಯಿಂದ ನೋಡಬಹುದು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಮೊದಲು ಹೊರತಂದದ್ದು ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವ ನಿಘಂಟನ್ನು. ಕನ್ನಡದಿಂದ ಇಂಗ್ಲಿಷಿಗೆ ಬರುವ ಸಂಪುಟ 1832ರದು. ಕನ್ನಡದಲ್ಲಿ ಮಾತನಾಡಬೇಕಾದ, ಬರೆಯಬೇಕಾದ ವಿದೇಶೀಯನ ಅವಸರ ಆ ಕ್ರಮದಲ್ಲಿಯೇ ಓದಿಸಿಕೊಳ್ಳುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಓದುವವನಿಗಾಗಿ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇಂಗ್ಲಿಷ್ ಓದುವ ಕನ್ನಡಿಗನಿಗಾಗಿ. ರಷ್ಯನ್ನಿನ ವಿಷಯಕ್ಕೆ ಬಂದರೆ, ಆಂದ್ರೊನೊವ್, ದಶ್ಕೊ ಮತ್ತು ಮಕರೆಂಕೊ ಅವರ ಕನ್ನಡ-ರಷ್ಯನ್ ನಿಘಂಟು 1979ರಲ್ಲಿ ಮಾಸ್ಕೋದಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 35,000 ಪದಗಳಿವೆ. ಅದು ಕನ್ನಡ ಓದುವ ರಷ್ಯನ್ನನ ನಿಘಂಟು. ರಷ್ಯನ್ ಬರೆಯುವ ಕನ್ನಡಿಗನ ಸ್ಥಾನ, ಶ್ಚೆರ್ಬ ಅವರ ನಾಲ್ಕು ಮನೆಗಳಲ್ಲಿ, ಅಲ್ಲಿಯೂ ಖಾಲಿಯೇ ಉಳಿಯಿತು.

ಅದೇ 1979ರಲ್ಲಿ ಅದೇ ‘ರೂಸ್ಕಿಯ್ ಯಜೀಕ್’ ಪ್ರಕಾಶನದಿಂದ ಯೂರಿ ಅಪ್ರೆಸ್ಯಾನ್ ಮತ್ತು ಸಂಗಡಿಗರ ಇಂಗ್ಲಿಷ್-ರಷ್ಯನ್ ಸಮಾನಾರ್ಥಕ ನಿಘಂಟು ಹೊರಬಂದಿತು. ಸಮೀಪದ ಪದಗಳ ನಡುವಿನ ಭೇದವನ್ನು ಮಾತಿನಲ್ಲಿ ಬಿಡಿಸಿ ಹೇಳುವ ಕ್ರಮ ಅದರಲ್ಲಿದೆ. ಆದರೆ ಅದು ಬಿಡಿಸುವುದು ಇಂಗ್ಲಿಷ್ ಪದಗಳ ಭೇದವನ್ನು, ರಷ್ಯನ್ ಓದುಗನಿಗಾಗಿ. ನಮಗೆ ಬೇಕಾದದ್ದು ಇದರ ಕನ್ನಡಿಬಿಂಬ.

ಎರಡು ಪದಗಳ ಹಿಂದಿನ ಬದುಕು

ಅಲ್ಪವಿರಾಮದ ಎರಡು ಬದಿಯ ಪದಗಳು ಬೇರೆ ಬೇರೆ ದಾರಿಯಿಂದ ಬಂದವು, ಮತ್ತು ಆ ದಾರಿಯ ಗುರುತು ಅವುಗಳ ಮೇಲೆ ಇಂದಿಗೂ ಇದೆ.

‘ನಬೋರ್’ ಅಚ್ಚ ಸ್ಲಾವಿಕ್ ಪದ. ‘ನಬಿರಾತ್’ ಎಂಬ ಕ್ರಿಯಾಪದದಿಂದ ಬಂದದ್ದು. ಒಂದೊಂದಾಗಿ ತೆಗೆದುಕೊಂಡು ಒಟ್ಟುಗೂಡಿಸುವುದು ಆ ಕ್ರಿಯೆಯ ಅರ್ಥ. ಆದ್ದರಿಂದ ನಾಮಪದದಲ್ಲಿ ಎರಡು ಅಂಶಗಳಿವೆ: ಕೂಡಿಸುವ ಕೆಲಸ, ಕೂಡಿಸಿದ ವಸ್ತುಗಳು. ಪೀಟರ್ ದೊರೆಯ 1705ರ ವ್ಯವಸ್ಥೆಯಿಂದ ಹಿಡಿದು 1874ರ ಸೈನಿಕ ಸುಧಾರಣೆಯವರೆಗೆ ರಷ್ಯದ ಹಳ್ಳಿಗಳಿಂದ ಸೈನ್ಯಕ್ಕೆ ಜನರನ್ನು ಸೆಳೆದುಕೊಳ್ಳುತ್ತಿದ್ದ ಕ್ರಮಕ್ಕೆ ‘ರೆಕ್ರೂತ್ಸ್ಕಿಯ್ ನಬೋರ್’ ಎಂದೇ ಹೆಸರು. ವಿಶ್ವವಿದ್ಯಾಲಯವು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದೂ ಇಂದು ‘ನಬೋರ್’. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದೂ ‘ನಬೋರ್’. ದೂರವಾಣಿ ಸಂಖ್ಯೆ ಒತ್ತುವುದೂ, ವಿಮಾನ ಎತ್ತರಕ್ಕೇರುವುದೂ ‘ನಬೋರ್’.

‘ಕೊಂಪ್ಲೇಕ್ತ್’ ಹೊರಗಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ತುಂಬಿದ, ಪೂರ್ಣಗೊಂಡ’ ಎಂಬರ್ಥದ ಪದ ಅದರ ಮೂಲ. ಹದಿನೆಂಟನೆಯ ಶತಮಾನದ ಸೈನ್ಯದ ಭಾಷೆಯಲ್ಲಿ ಅದು ಒಂದು ತುಕಡಿಗೆ ನಿಗದಿಯಾದ ಪೂರ್ಣಸಂಖ್ಯೆಯನ್ನು ಸೂಚಿಸುತ್ತಿತ್ತು. ಈ ಪೂರ್ಣತೆಯ ಭಾವ ಇಂದಿಗೂ ಕರಗಿಲ್ಲ. ಕೊಂಪ್ಲೇಕ್ತ್ ಎಂದರೆ ಇಷ್ಟಿರಬೇಕೆಂದು ಮೊದಲೇ ಗೊತ್ತಿರುವ ವಸ್ತುಗಳ ಒಟ್ಟು. ಒಂದು ಕಡಿಮೆಯಾದರೆ ಕೊರತೆ ಕಾಣುತ್ತದೆ. ಅಂಥದೇ ಎರಡನೆಯದೂ ಇರಬಹುದು. ಗ್ರಂಥಾಲಯದಲ್ಲಿ ಒಂದು ನಿಯತಕಾಲಿಕದ ವರ್ಷದ ಎಲ್ಲ ಸಂಚಿಕೆಗಳು ಸೇರಿದರೆ ಅದು ಆ ವರ್ಷದ ‘ಕೊಂಪ್ಲೇಕ್ತ್’. ಹಾಸಿಗೆಯ ಹೊದಿಕೆಗಳ ಜೊತೆಯೂ ಕೊಂಪ್ಲೇಕ್ತ್. ಮನೆಯ ಬೀಗದ ಕೈಗಳ ಇನ್ನೊಂದು ಗೊಂಚಲು ‘ಎರಡನೆಯ ಕೊಂಪ್ಲೇಕ್ತ್’.

ಸೈನಿಕ ಬಳಕೆಯಲ್ಲಿ ಎರಡೂ ಪದಗಳು ಒಂದೇ ಕಾಲದಲ್ಲಿ ಅಕ್ಕಪಕ್ಕ ನಿಂತಿದ್ದವೆಂಬುದು ಗಮನಾರ್ಹ: ಜನರನ್ನು ಕೂಡಿಸುವುದು ‘ನಬೋರ್’, ಅವರು ತುಂಬಬೇಕಾದ ಅಳತೆ ‘ಕೊಂಪ್ಲೇಕ್ತ್’. ಕೂಡಿಸಿದ್ದು ಮತ್ತು ತುಂಬಿದ್ದು ಎಂಬ ಈ ಭೇದವನ್ನೇ ಇಂದಿನ ಅಂಗಡಿಯ ಚೀಟಿಗಳಲ್ಲಿಯೂ ಕಾಣುತ್ತೇವೆ.

ಇಂಗ್ಲಿಷ್ ಪದದ ಹುಟ್ಟೂ ಕುತೂಹಲದ್ದು. ‘ಸಮೂಹ’ ಎಂಬರ್ಥದ ‘ಸೆಟ್’ ನಾಮಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ತ’ದಿಂದ ಬಂದದ್ದು, ‘ಇರಿಸು’ ಎಂಬರ್ಥದ ಕ್ರಿಯಾಪದ ಜರ್ಮಾನಿಕ್ ಮೂಲದ್ದು. ಇಂಗ್ಲಿಷಿನಲ್ಲಿ ಎರಡೂ ಬೆರೆತು ಹೋದವು. ಹೀಗಾಗಿ ಇಂಗ್ಲಿಷಿನ ಒಳಗೆ ಸಂಬಂಧವಿದ್ದಂತೆ ತೋರುವ ಅರ್ಥಗಳಿಗೆ ರಷ್ಯನ್ನಿನಲ್ಲಿ ಒಂದೇ ಧಾತುವನ್ನು ಹುಡುಕುವುದು ವ್ಯರ್ಥ.

ಒಂದು ವಾಕ್ಯದ ಪರೀಕ್ಷೆ

ಪರೀಕ್ಷೆಗೆಂದು ನಾವು ಒಂದು ವಾಕ್ಯವನ್ನು ಕಟ್ಟಿಕೊಂಡೆವು. ನೀರೆತ್ತುವ ಯಂತ್ರದ ಇಂಗ್ಲಿಷ್ ಕೈಪಿಡಿಗಳಲ್ಲಿ ಬರುವಂಥದೇ ವಾಕ್ಯ. ಕನ್ನಡದಲ್ಲಿ ಅದರ ತಿರುಳು ಹೀಗಿದೆ: ‘ಪ್ರತಿ ಪಂಪ್‌ಸೆಟ್ಟಿನ ಜೊತೆಗೆ ಬಿಡಿಭಾಗಗಳ ಒಂದು ಸೆಟ್ ಮತ್ತು ಪಾನಾಗಳ ಒಂದು ಸೆಟ್ ಕೊಡಲಾಗುತ್ತದೆ.’ ಇಂಗ್ಲಿಷಿನಲ್ಲಿ ಮೂರು ಕಡೆಯೂ ‘ಸೆಟ್’ ಇದೆ.

ಮೊದಲನೆಯದನ್ನು ಕಾರ್ಪಸ್ ಇಲ್ಲದೆಯೇ ತೀರ್ಮಾನಿಸಬಹುದು, ತೀರ್ಮಾನಿಸಬೇಕು ಕೂಡ. ಪಂಪ್‌ಸೆಟ್ ಪಾರಿಭಾಷಿಕ ಪದ. ಪಂಪುಗಳ ಪರಿಭಾಷೆಯನ್ನು ನಿರ್ಣಯಿಸಿದ 1972ರ ಸೋವಿಯತ್ ಮಾನಕ 17398ರ ಪ್ರಕಾರ, ಪಂಪ್ ಮತ್ತು ಅದಕ್ಕೆ ಜೋಡಿಸಿದ ಮೋಟರ್ ಸೇರಿದರೆ ‘ನಸೋಸ್ನಿಯ್ ಅಗ್ರೆಗಾತ್’. ಅದಕ್ಕೆ ಕೊಳವೆ ಮೊದಲಾದ ಸಲಕರಣೆಗಳೂ ಸೇರಿ ಕೆಲಸಕ್ಕೆ ಅಣಿಯಾದ ವ್ಯವಸ್ಥೆ ‘ನಸೋಸ್ನಯ ಉಸ್ತನೋವ್ಕ’. ನಿಘಂಟಿನಲ್ಲಿ ಈ ಎರಡೂ ‘ಸೆಟ್’ ಪದದ ಅಡಿಯಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತವೆ. ನಮ್ಮ ವಾಕ್ಯದಲ್ಲಿ ಮಾರಾಟವಾಗುತ್ತಿರುವುದು ಪಂಪ್ ಮತ್ತು ಮೋಟರ್, ಆದ್ದರಿಂದ ಅಗ್ರೆಗಾತ್. ಸಾಮಾನ್ಯ ಗದ್ಯದ ಕಾರ್ಪಸ್ಸಿನಲ್ಲಿ ಎರಡೂ ಸಿಗಬಹುದು, ಯಾವುದು ಹೆಚ್ಚು ಎಂಬ ಎಣಿಕೆಯೂ ಸಿಗಬಹುದು, ಆದರೆ ಮಾನಕವಿರುವಲ್ಲಿ ಎಣಿಕೆಗೆ ಮಾತಿಲ್ಲ.

ಉಳಿದ ಎರಡಕ್ಕೆ ರಷ್ಯನ್ ರಾಷ್ಟ್ರೀಯ ಕಾರ್ಪಸ್ ಬೇಕು. 2004ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಕಾರ್ಪಸ್ಸನ್ನು ruscorpora.ru ಎಂಬಲ್ಲಿ ಬಳಸಬಹುದು. ಅದಕ್ಕೆ ಮುಂಚಿನ ಸಂಶೋಧಕರ ಕೈಯಲ್ಲಿದ್ದುದು ಜಸೋರಿನ ಸಂಪಾದಿಸಿದ 1977ರ ಆವೃತ್ತಿ ನಿಘಂಟಿನಂಥ ಸಾಧನಗಳು. ಸುಮಾರು ಹತ್ತು ಲಕ್ಷ ಪದಪ್ರಯೋಗಗಳ ಮೇಲೆ ನಿಂತ ಆ ಎಣಿಕೆಯಿಂದ ಒಂದು ಪದ ಎಷ್ಟು ಸಲ ಬಂದಿದೆ ಎಂದು ತಿಳಿಯಬಹುದಿತ್ತು, ಯಾವುದರ ಜೊತೆ ಬಂದಿದೆ ಎಂದಲ್ಲ. ನಮ್ಮ ಪ್ರಶ್ನೆಯಲ್ಲಿ ಇರುವುದೆಲ್ಲ ಈ ಎರಡನೆಯದೇ.

ಆದ್ದರಿಂದ ‘ನಬೋರ್ ಹೆಚ್ಚೋ ಕೊಂಪ್ಲೇಕ್ತ್ ಹೆಚ್ಚೋ’ ಎಂದು ಕೇಳಬಾರದು. ‘ಯಾವುದರ ನಬೋರ್, ಯಾವುದರ ಕೊಂಪ್ಲೇಕ್ತ್’ ಎಂದು ಕೇಳಬೇಕು. ರಷ್ಯನ್ನಿನಲ್ಲಿ ಈ ‘ಯಾವುದರ’ ಎಂಬುದು ಷಷ್ಠೀ ವಿಭಕ್ತಿಯ ನಾಮಪದವಾಗಿ ಹಿಂದೆಯೇ ಬರುತ್ತದೆ. ನಡುವೆ ಒಂದು ವಿಶೇಷಣ ಇರಬಹುದು. ಕಾರ್ಪಸ್ಸಿನ ಪದ-ವ್ಯಾಕರಣ ಹುಡುಕಾಟದಲ್ಲಿ ಮೊದಲ ಪದದ ಮನೆಯಲ್ಲಿ ಪದದ ಮೂಲರೂಪವನ್ನೂ ಎರಡನೆಯ ಪದದ ವ್ಯಾಕರಣ ಲಕ್ಷಣದ ಮನೆಯಲ್ಲಿ ನಾಮಪದ, ಷಷ್ಠಿ ಎಂಬ ಗುರುತುಗಳನ್ನೂ ತುಂಬಬೇಕು:

```
1: набор
   1–2
2: S, gen
```

ಇದೇ ಹುಡುಕಾಟವನ್ನು ಮೊದಲ ಸಾಲಿನಲ್ಲಿ `комплект` ಎಂದು ಬದಲಿಸಿ ಇನ್ನೊಮ್ಮೆ ಮಾಡಿದರೆ ಹೋಲಿಕೆಗೆ ಎರಡು ಪಟ್ಟಿಗಳು ಸಿದ್ಧ. ದೂರವನ್ನು ಒಂದರಿಂದ ಎರಡರವರೆಗೆ ಇಟ್ಟದ್ದು ನಡುವಿನ ವಿಶೇಷಣಕ್ಕಾಗಿ.

ನಬೋರ್ ಪಟ್ಟಿಯಲ್ಲಿ ಮೊದಲ ನೋಟಕ್ಕೆ ಗೊಂದಲವೇ ಕಾಣುತ್ತದೆ. ಉಪಕರಣಗಳು, ಬಣ್ಣಗಳು, ಲಕ್ಷಣಗಳು, ವರ್ಣತಂತುಗಳು ಇರುವಂತೆ ಎತ್ತರ, ವೇಗ, ಪಠ್ಯ, ವಿದ್ಯಾರ್ಥಿಗಳೂ ಇರುತ್ತಾರೆ. ಇಲ್ಲಿ ಎಡವುವವರು ಬಹಳ. ‘ನಬೋರ್ ಸ್ತುದೇನ್ತೊವ್’ ಎಂದರೆ ವಿದ್ಯಾರ್ಥಿಗಳ ಸಮೂಹವಲ್ಲ, ವಿದ್ಯಾರ್ಥಿಗಳ ಪ್ರವೇಶ. ‘ನಬೋರ್ ವಿಸೊತೀ’ ಎಂದರೆ ಎತ್ತರಕ್ಕೇರುವಿಕೆ. ಇವನ್ನು ಬೇರ್ಪಡಿಸಲು ಎರಡು ಸರಳ ಪರೀಕ್ಷೆಗಳು ಸಾಕು. ಆ ಷಷ್ಠೀ ನಾಮಪದವನ್ನು ‘ನಬಿರಾತ್’ ಕ್ರಿಯೆಯ ಕರ್ಮವನ್ನಾಗಿ ಮಾಡಿದಾಗ ಅದೇ ಅರ್ಥ ಉಳಿದರೆ ಅದು ಕ್ರಿಯಾನಾಮ: ಎತ್ತರವನ್ನು ‘ನಬಿರಾತ್’ ಮಾಡಬಹುದು. ಪದವನ್ನು ಎಣಿಸಲು ಬಂದರೆ ಅದು ವಸ್ತುನಾಮ: ಉಪಕರಣಗಳ ಎರಡು ನಬೋರ್‌ಗಳಿರಬಹುದು, ಎತ್ತರದ ಎರಡು ನಬೋರ್‌ಗಳಿರಲಾರವು. ಕ್ರಿಯಾನಾಮಗಳನ್ನು ತೆಗೆದುಹಾಕಿದ ಮೇಲೆ ಉಳಿದ ಪಟ್ಟಿ ಒಂದು ದಿಕ್ಕಿಗೆ ತಿರುಗುತ್ತದೆ. ಅದರಲ್ಲಿರುವುದು ಒಂದೇ ಜಾತಿಯ, ಆದರೆ ಪರಸ್ಪರ ಭಿನ್ನವಾದ ವಸ್ತುಗಳು: ಬೇರೆ ಬೇರೆ ಅಳತೆಯ ಉಪಕರಣಗಳು, ಬೇರೆ ಬೇರೆ ಬಣ್ಣಗಳು.

ಕೊಂಪ್ಲೇಕ್ತ್ ಪಟ್ಟಿ ಹಾಗಿಲ್ಲ. ಹಾಸಿಗೆಬಟ್ಟೆ, ಉಡುಪು, ದಾಖಲೆಗಳು, ಸಂಚಿಕೆಗಳು, ಬಿಡಿಭಾಗಗಳು. ಯಾವುದೋ ಒಂದು ಅಗತ್ಯವನ್ನು ಪೂರ್ತಿಯಾಗಿ ತೀರಿಸುವವು. ರಷ್ಯನ್ ತಾಂತ್ರಿಕ ಬಳಕೆಯಲ್ಲಿ ಯಂತ್ರದ ಜೊತೆಗೆ ಬರುವ ಬಿಡಿಭಾಗ, ಉಪಕರಣ, ಪೂರಕಗಳಿಗೆ ‘ಜಿಪ್’ ಎಂಬ ಸಂಕ್ಷೇಪವೇ ಇದೆ, ಮತ್ತು ಅದು ‘ಕೊಂಪ್ಲೇಕ್ತ್ ಜಿಪ್’ ಎಂದೇ ಬಳಕೆಯಾಗುತ್ತದೆ. ಆದ್ದರಿಂದ ನಮ್ಮ ವಾಕ್ಯದ ಎರಡನೆಯ ಸೆಟ್ ಕೊಂಪ್ಲೇಕ್ತ್.

ಮೂರನೆಯದು, ಪಾನಾಗಳ ಸೆಟ್, ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ರಷ್ಯನ್ನಿನಲ್ಲಿ ‘ಕ್ಲ್ಯೂಚ್’ ಎಂದರೆ ಬೀಗದ ಕೈಯೂ ಹೌದು, ಪಾನಾ ಕೂಡ ಹೌದು. ‘ನಬೋರ್ ಕ್ಲ್ಯುಚೇಯ್’ ಮತ್ತು ‘ಕೊಂಪ್ಲೇಕ್ತ್ ಕ್ಲ್ಯುಚೇಯ್’ ಎರಡೂ ದೊರೆಯುತ್ತವೆ. ಸಾಲುಗಳನ್ನು ತೆರೆದು ಓದಿದರೆ, ಮೊದಲನೆಯದು ಸಾಮಾನ್ಯವಾಗಿ ಬೇರೆ ಬೇರೆ ಅಳತೆಯ ಪಾನಾಗಳ ಕಡೆಗೆ, ಎರಡನೆಯದು ಒಂದು ಮನೆಯ ಎಲ್ಲ ಬಾಗಿಲುಗಳ ಕೀಲಿಕೈಗಳ ಕಡೆಗೆ ವಾಲುತ್ತದೆ. ಇದು ಕಟ್ಟುನಿಟ್ಟಾದ ನಿಯಮವಲ್ಲ. ಪಾನಾಗಳಿಗೆ ಕೊಂಪ್ಲೇಕ್ತ್ ಎಂದವರೂ ಇದ್ದಾರೆ. ಆದರೆ ಸಮೂಹವಾಚಕವೇ ತನ್ನ ಹಿಂದಿನ ನಾನಾರ್ಥ ಪದವನ್ನು ಒಂದು ಅರ್ಥದ ಕಡೆಗೆ ತಳ್ಳುತ್ತಿದೆ ಎಂಬುದು ಇಲ್ಲಿ ಕಾಣುತ್ತದೆ. ನಾವು ‘ಗಾಯೆಚ್ನಿಖ್’, ಎಂದರೆ ‘ನಟ್ಟಿನ’, ಎಂಬ ವಿಶೇಷಣವನ್ನೂ ಸೇರಿಸಿದರೆ ಸಂದೇಹವೇ ಉಳಿಯದು. ವಾಕ್ಯ ಹೀಗಾಗುತ್ತದೆ: ‘ಕ್ ಕಾಝ್ದೊಮು ನಸೋಸ್ನೊಮು ಅಗ್ರೆಗಾತು ಪ್ರಿಲಗಾಯುತ್ಸ್ಯ ಕೊಂಪ್ಲೇಕ್ತ್ ಜಪಸ್ನೀಖ್ ಚಸ್ತೇಯ್ ಇ ನಬೋರ್ ಗಾಯೆಚ್ನಿಖ್ ಕ್ಲ್ಯುಚೇಯ್.’ ಒಂದು ಇಂಗ್ಲಿಷ್ ಪದ ಒಂದೇ ವಾಕ್ಯದಲ್ಲಿ ಮೂರು ರಷ್ಯನ್ ಪದಗಳಾಗಿದೆ, ಮೂರೂ ಬೇರೆ ಬೇರೆ ಆಧಾರದ ಮೇಲೆ.

ಎಣಿಸುವುದಲ್ಲ, ಓದುವುದು

ಭಾಷಾವಿಜ್ಞಾನದ ಸಂಶೋಧಕರು ತಮ್ಮದೇ ವಿಷಯದ ಬಗ್ಗೆ ರಷ್ಯನ್ನಿನಲ್ಲಿ ಬರೆಯುವಾಗ ಬೀಳುವ ಹೊಂಡ ಬೇರೆ. ‘ಪದಗಳ ಒಂದು ಸೆಟ್ಟನ್ನು ಆರಿಸಿಕೊಂಡೆವು’ ಎಂದು ಬರೆಯಬೇಕಾಗಿದೆ. ನಿಘಂಟು ‘ನಬೋರ್’ ಎನ್ನುತ್ತದೆ. ಕಾರ್ಪಸ್ಸಿನಲ್ಲಿ ‘ನಬೋರ್ ಸ್ಲೋವ್’ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಎಣಿಕೆಯನ್ನು ಮಾತ್ರ ನೋಡಿದವರು ಸಮಾಧಾನದಿಂದ ಮುಂದೆ ಹೋಗುತ್ತಾರೆ. ಸಾಲುಗಳನ್ನು ಓದಿದವರು ನಿಲ್ಲುತ್ತಾರೆ, ಏಕೆಂದರೆ ಸಾಹಿತ್ಯದಲ್ಲಿಯೂ ಪತ್ರಿಕೆಗಳಲ್ಲಿಯೂ ಆ ನುಡಿಗಟ್ಟಿನ ಮುಂದೆ ‘ಪೊಳ್ಳು’, ‘ಅರ್ಥವಿಲ್ಲದ’, ‘ಬರಿಯ’ ಎಂಬಂಥ ವಿಶೇಷಣಗಳು ಮತ್ತೆ ಮತ್ತೆ ಬರುತ್ತವೆ. ರಷ್ಯನ್ ಓದುಗನಿಗೆ ‘ನಬೋರ್ ಸ್ಲೋವ್’ ಎಂದರೆ ಮೊದಲಿಗೆ ಹೊಳೆಯುವುದು ಶಬ್ದಗಳ ರಾಶಿ, ತಲೆಬುಡವಿಲ್ಲದ ಮಾತು. ‘ನಬೋರ್ ಪ್ರೀಜ್ನಕೊವ್’, ಎಂದರೆ ಲಕ್ಷಣಗಳ ಸೆಟ್, ಧ್ವನಿಮಾವಿಜ್ಞಾನದಲ್ಲಿ ಯಾವ ಕಳಂಕವೂ ಇಲ್ಲದ ಪಾರಿಭಾಷಿಕ ಪ್ರಯೋಗ. ಮೊದಲ ಪದ ಒಂದೇ, ವ್ಯಾಕರಣ ಒಂದೇ, ಹಿಂದಿನ ನಾಮಪದ ಬದಲಾದೊಡನೆ ಮೌಲ್ಯ ಬದಲಾಯಿತು. ತಾಂತ್ರಿಕ ಬರಹದಲ್ಲಿ ‘ನಬೋರ್ ಸ್ಲೋವ್’ ತಟಸ್ಥವಾಗಿಯೂ ಬರುತ್ತದೆಂಬುದು ನಿಜ. ಆದರೂ ಆಯ್ದ ಪದಗಳ ಬಗ್ಗೆ ಹೇಳುವಾಗ ‘ಗ್ರೂಪ್ಪ ಸ್ಲೋವ್’ ಎಂದೋ, ಒಟ್ಟಾರೆಯಾಗಿ ತೆಗೆದುಕೊಂಡದ್ದಾದರೆ ‘ಸೊವೊಕೂಪ್ನೊಸ್ತ್’ ಎಂದೋ ಬರೆಯುವುದು ಮೇಲೆಂದು ನಮ್ಮ ಅಭಿಪ್ರಾಯ.

ಈ ಪರಿಮಳ ನಿಘಂಟಿನ ಅಲ್ಪವಿರಾಮದಲ್ಲಿ ಇಲ್ಲ, ಕಾರ್ಪಸ್ಸಿನ ಅಂಕಿಯಲ್ಲಿಯೂ ಇಲ್ಲ. ಇಪ್ಪತ್ತು ಮೂವತ್ತು ಸಾಲುಗಳನ್ನು ಎಡಬಲದ ಸಂದರ್ಭದೊಡನೆ ಓದಿದಾಗ ಮಾತ್ರ ದೊರೆಯುವುದು.

ಗಣಿತದ ಸೆಟ್

ಮೇಲಿನ ಯಾವ ಪದವೂ ಒಪ್ಪದ ಒಂದು ಕ್ಷೇತ್ರವಿದೆ. ಗಣಿತದ ಸೆಟ್ ರಷ್ಯನ್ನಿನಲ್ಲಿ ‘ಮ್ನೋಝೆಸ್ತ್ವೊ’. ಅದು ಇಂಗ್ಲಿಷಿನ ‘ಸೆಟ್’ ಪದದ ಅನುವಾದವೇ ಅಲ್ಲ ಎಂಬುದು ಇಲ್ಲಿ ಮುಖ್ಯ. ಗೆಯೋರ್ಗ್ ಕಾಂಟೋರ್ ಜರ್ಮನ್ನಿನಲ್ಲಿ ಬಳಸಿದ ‘ಮೆಂಗೆ’ ಪದಕ್ಕೆ ದಿನಬಳಕೆಯಲ್ಲಿ ‘ಬಹಳಷ್ಟು, ರಾಶಿ’ ಎಂಬರ್ಥವಿದೆ. ರಷ್ಯನ್ ಗಣಿತಜ್ಞರು ಅದಕ್ಕೆ ಸರಿಸಮನಾದ ತಮ್ಮ ಪದವನ್ನೇ ತೆಗೆದುಕೊಂಡರು. ಮ್ನೋಝೆಸ್ತ್ವೊ ಎಂದರೂ ‘ಬಹಳಷ್ಟು’ ಎಂದೇ ಅರ್ಥ. ಇಂಗ್ಲಿಷ್ ಆಗಿನ್ನೂ ನಿರ್ಧಾರಕ್ಕೆ ಬಂದಿರಲಿಲ್ಲ. ಕಾಂಟೋರ್ ಅವರ 1895 ಮತ್ತು 1897ರ ಪ್ರಬಂಧಗಳನ್ನು ಫಿಲಿಪ್ ಜೋರ್ಡೇನ್ 1915ರಲ್ಲಿ ಇಂಗ್ಲಿಷಿಗೆ ತಂದಾಗ ‘ಅಗ್ರಿಗೇಟ್’ ಎಂದು ಬರೆದರು. ಹೌಸ್‌ಡೋರ್ಫ್ ಅವರ ಜರ್ಮನ್ ಗ್ರಂಥ ರಷ್ಯನ್ನಿನಲ್ಲಿ 1937ರಲ್ಲಿ ‘ತೆಯೋರಿಯ ಮ್ನೋಝೆಸ್ತ್ವ್’ ಎಂಬ ಹೆಸರಿನಿಂದ ಬಂದಿತು. ಇಂಗ್ಲಿಷಿಗೆ ‘ಸೆಟ್ ಥಿಯರಿ’ ಎಂಬ ಹೆಸರಿನಿಂದ ಬಂದದ್ದು 1957ರಲ್ಲಿ. ಎರಡು ಭಾಷೆಗಳೂ ಒಂದೇ ಜರ್ಮನ್ ಮೂಲದಿಂದ ಸ್ವತಂತ್ರವಾಗಿ ಪಡೆದ ಪದಗಳನ್ನು ನಿಘಂಟು ಆಮೇಲೆ ಒಂದರ ಎದುರು ಒಂದು ಕೂರಿಸಿತು.

ಇದರ ಪರಿಣಾಮ ಇಂದಿಗೂ ಇದೆ. ‘ಉಪಕರಣಗಳ ಒಂದು ಸೆಟ್’ ಎಂಬುದನ್ನು ‘ಮ್ನೋಝೆಸ್ತ್ವೊ ಇನ್ಸ್ತ್ರುಮೇನ್ತೊವ್’ ಎಂದು ಬರೆದರೆ ವ್ಯಾಕರಣ ತಪ್ಪಿಲ್ಲ, ಆದರೆ ಅರ್ಥ ‘ಲೆಕ್ಕವಿಲ್ಲದಷ್ಟು ಉಪಕರಣಗಳು’ ಎಂದಾಗುತ್ತದೆ. ತಪ್ಪನ್ನು ಕಂಡುಹಿಡಿಯಲು ಹಿಮ್ಮುಖ ಹುಡುಕಾಟ ಸಾಕು: ಆರಿಸಿದ ಪದವನ್ನು ರಷ್ಯನ್-ಇಂಗ್ಲಿಷ್ ನಿಘಂಟಿನಲ್ಲಿ ತೆರೆದರೆ ಮೊದಲ ಅರ್ಥವೇ ‘ಬಹಳ’ ಎಂದು ಬರುತ್ತದೆ. ಗಣಿತದಲ್ಲಿ ‘ಶೂನ್ಯಗಣ’ಕ್ಕೆ ‘ಪುಸ್ತೋಯೆ ಮ್ನೋಝೆಸ್ತ್ವೊ’ ಎನ್ನುವಾಗ ರಷ್ಯನ್ ವಿದ್ಯಾರ್ಥಿ ‘ಖಾಲಿಯಾದ ಬಹಳಷ್ಟು’ ಎಂಬ ವಿರೋಧಾಭಾಸವನ್ನು ನುಂಗಿಕೊಳ್ಳಬೇಕು. ಕನ್ನಡ ಪಠ್ಯಪುಸ್ತಕಗಳು ‘ಗಣ’ವನ್ನು ಆರಿಸಿಕೊಂಡದ್ದು ಈ ದೃಷ್ಟಿಯಿಂದ ಅದೃಷ್ಟದ ಆಯ್ಕೆ. ಛಂದಸ್ಸಿನಲ್ಲಿ ಮಾತ್ರಾಗಣ, ಅಕ್ಷರಗಣಗಳನ್ನು ಬಲ್ಲ ಓದುಗನಿಗೆ ಗಣವೆಂದರೆ ಬಹಳವೆಂದಲ್ಲ, ನಿಯಮದಿಂದ ಕಟ್ಟಿಟ್ಟದ್ದು ಎಂದೇ ಅರ್ಥ.

ಕನ್ನಡದ ನೆರವು, ಸಮಾನಾಂತರ ಕಾರ್ಪಸ್ಸಿನ ಮಿತಿ

ಇಲ್ಲಿ ಒಂದು ಉಪಾಯವನ್ನು ಸೂಚಿಸಬಹುದು. ನಿಘಂಟನ್ನು ತೆರೆಯುವ ಮೊದಲು, ‘ಸೆಟ್’ ಎಂಬ ಪದವನ್ನು ಬಳಸದೆ ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತಿದ್ದೆವು ಎಂದು ಕೇಳಿಕೊಳ್ಳುವುದು. ಇಂಗ್ಲಿಷಿನ ಹಲ್ಲುಗಳ ಸೆಟ್ ನಮಗೆ ಹಲ್ಲಿನ ಸಾಲು. ರಷ್ಯನ್ನಿನಲ್ಲಿಯೂ ‘ರ್ಯಾದ್ ಜುಬೋವ್’, ಅಂದರೆ ಸಾಲು. ಬಟ್ಟೆ ನಮಗೆ ಜೊತೆ, ಒಂದು ಜೊತೆ ಬಟ್ಟೆ. ರಷ್ಯನ್ನಿನ ಕೊಂಪ್ಲೇಕ್ತ್ ಅದಕ್ಕೆ ಹತ್ತಿರ. ಚಿತ್ರರಂಗದ ಮಾತಿನಲ್ಲಿ ‘ಸೆಟ್’ ಪದವನ್ನೇ ಉಳಿಸಿಕೊಂಡಿದ್ದರೂ ಕನ್ನಡದ ವಿಭಕ್ತಿ ಮತ್ತು ಕ್ರಿಯಾಪದ ಭೇದವನ್ನು ತೋರಿಸಿಬಿಡುತ್ತವೆ: ‘ಸೆಟ್ ಹಾಕಿದ್ದಾರೆ’ ಎಂದರೆ ರಷ್ಯನ್ನಿನ ‘ದೆಕೊರಾತ್ಸಿಯ’, ‘ನಟ ಸೆಟ್ಟಿನಲ್ಲಿದ್ದಾರೆ’ ಎಂದರೆ ‘ಸ್ಯೋಮೊಚ್ನಯ ಪ್ಲೊಶ್ಚಾದ್ಕ’. ಇಂಗ್ಲಿಷ್ ಮುಚ್ಚಿಟ್ಟ ಗೆರೆಯನ್ನು ಕನ್ನಡ ಕೆಲವೆಡೆ ಆಗಲೇ ಎಳೆದಿದೆ.

ಎಲ್ಲೆಡೆ ಈ ಉಪಾಯ ನಡೆಯದು. ಚಹಾದ ಬಟ್ಟಲು ತಟ್ಟೆಗಳಿಗೆ ರಷ್ಯನ್ನಿನಲ್ಲಿ ಫ್ರೆಂಚ್ ಮೂಲದ ‘ಸೆರ್ವೀಜ್’ ಇದೆ, ಒಂದೇ ವಿನ್ಯಾಸದ ಪೀಠೋಪಕರಣಕ್ಕೂ ಒಡವೆಗೂ ‘ಗರ್ನಿತೂರ್’ ಇದೆ. ಇವಕ್ಕೆ ಕನ್ನಡದಲ್ಲಿ ಪ್ರತ್ಯೇಕ ಸಮೂಹವಾಚಕವಿಲ್ಲ. ‘ಚಾಯ್ನಿಯ್ ನಬೋರ್’ ಎಂದು ಬರೆದರೆ ಉಡುಗೊರೆಯ ಪೆಟ್ಟಿಗೆಯಲ್ಲಿ ಬರುವ ಬಗೆಬಗೆಯ ಚಹಾಪುಡಿ ಎಂದು ತಿಳಿಯುವ ಸಾಧ್ಯತೆಯಿದೆ. ಕ್ರೀಡೆಯಲ್ಲಂತೂ ಆಟಕ್ಕೊಂದು ಪದ: ಟೆನಿಸ್ಸಿನಲ್ಲಿ ಇಂಗ್ಲಿಷಿನಿಂದ ಬಂದ ‘ಸೇತ್’, ವಾಲಿಬಾಲಿನಲ್ಲಿ ‘ಪಾರ್ತಿಯ’. ರಷ್ಯನ್ನರ ಕಿವಿಗೆ ಆ ‘ತ್’ ದಂತ್ಯವಾಗಿ ಕೇಳಿಸಿತು, ನಮಗೆ ಮೂರ್ಧನ್ಯವಾಗಿ.

ಇಂಥ ಕಡೆ ಸಮಾನಾಂತರ ಕಾರ್ಪಸ್ ನೇರವಾದ ಉತ್ತರ ಕೊಡುವಂತೆ ತೋರುತ್ತದೆ. ರಷ್ಯನ್ ರಾಷ್ಟ್ರೀಯ ಕಾರ್ಪಸ್ಸಿನ ಇಂಗ್ಲಿಷ್-ರಷ್ಯನ್ ವಿಭಾಗದಲ್ಲಿ ಇಂಗ್ಲಿಷಿನ ‘ಸೆಟ್’ ಹುಡುಕಿ, ನಾಮಪದವೆಂಬ ಗುರುತು ಹಾಕಿದರೆ ಎದುರಿನ ರಷ್ಯನ್ ವಾಕ್ಯಗಳು ಕಾಣುತ್ತವೆ. ಆದರೆ ಯಾವುದು ಮೂಲ, ಯಾವುದು ಅನುವಾದ ಎಂಬುದನ್ನು ಮೊದಲು ನೋಡಬೇಕು. ಇಂಗ್ಲಿಷ್ ಮೂಲದಿಂದ ರಷ್ಯನ್ನಿಗೆ ಬಂದ ಪಠ್ಯದಲ್ಲಿ ಅನುವಾದಕನೂ ಅದೇ ನಿಘಂಟಿನ ಮೊದಲ ಪದವನ್ನು ಎತ್ತಿಕೊಂಡಿರಬಹುದು. ನಾವು ಅದನ್ನು ಸಾಕ್ಷಿಯೆಂದು ಎಣಿಸಿದರೆ ನಿಘಂಟನ್ನೇ ಎರಡು ಸಲ ಎಣಿಸಿದಂತಾಯಿತು. ರಷ್ಯನ್ ಮೂಲದಿಂದ ಇಂಗ್ಲಿಷಿಗೆ ಹೋದ ಪಠ್ಯಗಳು ಇದಕ್ಕಿಂತ ನೆಚ್ಚತಕ್ಕವು. ಅಲ್ಲಿ ರಷ್ಯನ್ ಲೇಖಕ ‘ಸೆಟ್’ ಪದದ ನೆರಳಿಲ್ಲದೆ ‘ಗರ್ನಿತೂರ್’ ಎಂದೋ ‘ಪ್ರಿಬೋರ್’ ಎಂದೋ ಬರೆದಿದ್ದಾನೆ, ‘ಸೆಟ್’ ಎಂಬುದು ಅನುವಾದಕ ಆಮೇಲೆ ತಂದದ್ದು. ಬರವಣಿಗೆಯ ಮೇಜಿನ ಮಸಿಕುಡಿಕೆ ಮೊದಲಾದವುಗಳ ಸೆಟ್ಟಿಗೆ ‘ಪೀಸ್ಮೆನ್ನಿಯ್ ಪ್ರಿಬೋರ್’ ಎಂಬುದು ಹೀಗೆ ಹಿಮ್ಮುಖವಾಗಿ ಹುಡುಕಿದಾಗ ಸುಲಭವಾಗಿ ಕೈಗೆ ಸಿಗುವ ಪದ. ಇಂಗ್ಲಿಷಿನ ಕಡೆಯಿಂದ ಹೊರಟವರಿಗೆ ಅದು ಹೊಳೆಯುವುದೇ ಕಷ್ಟ.

ಕೊನೆಗೂ ಕಾರ್ಪಸ್ ಹಿಡಿದುಕೊಡಲಾಗದ ಒಂದು ಜಾಗ ಉಳಿಯುತ್ತದೆ: ಬರೆಯುವವನ ಕೈ. ‘ಗರ್ನಿತೂರ್’ ಪೀಠೋಪಕರಣದ ಸೆಟ್; ಅದಕ್ಕೆ ಒಂದು ಅಕಾರ ಸೇರಿ ಸ್ತ್ರೀಲಿಂಗವಾದ ‘ಗರ್ನಿತೂರ’ ಎಂದರೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್, ಮುದ್ರಣದಲ್ಲಿ ಒಂದೇ ವಿನ್ಯಾಸದ ಅಕ್ಷರಗಳ ಕುಟುಂಬ. ಎರಡೂ ಇಂಗ್ಲಿಷಿನಲ್ಲಿ ‘ಸೆಟ್’ ಎಂದೇ ಮುಗಿಯಬಲ್ಲವು, ಎರಡೂ ನಿಘಂಟಿನಲ್ಲಿ ಇವೆ. ಷಷ್ಠೀ ಬಹುವಚನದಲ್ಲಿ ಒಂದು ‘ಗರ್ನಿತೂರೊವ್’, ಇನ್ನೊಂದು ಅಂತ್ಯಸ್ವರ ಕಳೆದುಕೊಂಡು ಬರಿಯ ‘ಗರ್ನಿತೂರ್’. ಹೀಗೆ ಹೆಡ್‌ಸೆಟ್ಟುಗಳ ಷಷ್ಠೀ ಬಹುವಚನವೂ ಪೀಠೋಪಕರಣದ ಪ್ರಥಮಾ ಏಕವಚನವೂ ಒಂದೇ ರೂಪ. ಮೂಲರೂಪದ ಮೂಲಕ ಹುಡುಕಿದಾಗಲೂ, ಅರ್ಥಭೇದವನ್ನು ಕೈಯಿಂದ ಬಿಡಿಸದ ಪಠ್ಯಗಳಲ್ಲಿ, ಇವೆರಡೂ ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತವೆ. ಅಲ್ಲಿ ಹಿಂದಿನ ಸಂಖ್ಯಾವಾಚಕವನ್ನೋ ಜೊತೆಗಿರುವ ಕ್ರಿಯಾಪದವನ್ನೋ ನೋಡಿ ಒಂದೊಂದು ಸಾಲನ್ನೂ ಬೇರ್ಪಡಿಸಬೇಕಾಗುತ್ತದೆ.